‘ಕುಂಟು ನೆಪ’ ಬೇಡವೆಂದರೆ ಸೊಗಡು ಹೋಗುತ್ತದೆಯೇ?

*ಮಾನ್ಯರೇ, ನನ್ನ ಲೇಖನದಲ್ಲಿದ್ದ ‘ಕುಂಟು ನೆಪ’ವನ್ನು ‘ಪೊಳ್ಳು ನೆಪ’ ಎಂದೂ ‘ಜಾಣ ಕುರುಡು’ ಎಂಬುದನ್ನು ಬೇರೇನೋ ಆಗಿಯೂ ತಿದ್ದಿದ್ದೀರಿ. ಯಾರನ್ನೂ ನೋಯಿಸುವ ಉದ್ದೇಶ ನನಗಿರಲಿಲ್ಲ. ಹೀಗೆ ಹೆಕ್ಕಿ ತೆಗೆಯುತ್ತಾ ಹೋದರೆ ಕನ್ನಡದ ಸೊಗಡು ಉಳಿಯುತ್ತದೆಯೇ?*
— ಓದುಗರೊಬ್ಬರು, ಶಿವಮೊಗ್ಗ

ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಎಲ್ಲ ಕಡೆಯೂ ಕತ್ತರಿ ಆಡಿಸಬಾರದು ಎಂಬುದೂ ಸರಿ. ‘ಹೆಳವ’ ಎಂದರೆ ಕುಂಟ ಎಂದೇ ಅರ್ಥವಾದರೂ ಹರಿದಾಸ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮನ ಹೆಸರನ್ನು ಯಾರೂ ತಿದ್ದಲಾರರು. ಎತ್ತಿನ ಮೇಲೆ ಊರೂರಿಗೆ ಬಂದು ವಂಶಾವಳಿ ಹೇಳುವ ಹೆಳವರು ಹೆಳವರೇ.

ಆದರೆ ನೆಪಕ್ಕೆ ಕಾಲೆಲ್ಲಿದೆ, ಕುಂಟುವುದಕ್ಕೆ?

ಹಿಂದೆ ನಾನಿದ್ದ ಕಚೇರಿಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಪೋಲಿಯೊದಿಂದ ಬಲಗಾಲು ಸೊರಗಿತ್ತು. ತೊಡೆಯವರೆಗೆ ಕಬ್ಬಿಣದ ಪಟ್ಟಿ. ಒಂದು ಸಂಜೆ ‘ಕುಂಟುತ್ತಾ ಸಾಗಿದ ಸೇತುವೆ ಕಾಮಗಾರಿ’ ಎಂಬ ನನ್ನ ಶೀರ್ಷಿಕೆಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ನಾನು ಮೂವತ್ತು ವರ್ಷ ಕುಂಟುತ್ತಲೇ ಬಂದಿದ್ದೇನೆ. ಒಂದು ದಿನವೂ ತಡವಾಗಿಲ್ಲ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತಿದ್ದುಪಡಿ ಇತ್ತು.

ಬೇರೆ ಶೀರ್ಷಿಕೆ ಬರೆಯಲು ಕುಳಿತಾಗ ಕೆಲಸ ನಿಂತದ್ದೇಕೆಂಬುದೇ ನನಗೆ ಗೊತ್ತಿಲ್ಲ ಎಂದು ತಿಳಿಯಿತು. ವರದಿಗಾರನಿಗೆ ಫೋನ್ ಮಾಡಿಸಿದೆ. ಗುತ್ತಿಗೆದಾರನಿಗೆ ಎರಡನೆಯ ಕಂತಿನ ಬಿಲ್ ಪಾವತಿಯಾಗಿರಲಿಲ್ಲ. ‘ಬಿಲ್ ಬಾಕಿ: ಅರ್ಧಕ್ಕೇ ನಿಂತ ಸೇತುವೆ’ ಎಂದು ಅಚ್ಚಾಯಿತು. ‘ಕುಂಟುತ್ತಾ’ ಎಂಬ ಒಂದು ಪದ ಅಷ್ಟನ್ನೂ ಮುಚ್ಚಿಟ್ಟಿತ್ತು.

‘ಜಾಣ ಕುರುಡು’ ಕೂಡ ಹಾಗೆಯೇ. ಕಣ್ಣಿರುವ ಅಧಿಕಾರಿ ಬೇಕೆಂದೇ ನೋಡದಿದ್ದರೆ ಆ ತಪ್ಪು ಅವನದು. ಕಣ್ಣಿಲ್ಲದವರ ಹೆಸರಿಗೆ ಅದನ್ನು ಬರೆಯುವುದೇಕೆ? ‘ಕಂಡೂ ಕಾಣದಂತಿದ್ದಾರೆ’ ಎನ್ನಿ, ಆರೋಪ ನೇರವಾಗಿ ತಾಗುತ್ತದೆ. ‘ಮೂಕ ಪ್ರೇಕ್ಷಕರಾದ ಪೊಲೀಸರು’ ಕೈಕಟ್ಟಿ ನಿಂತಿದ್ದರು, ಅಷ್ಟೇ. ಇವೆಲ್ಲ ನಮ್ಮ ಮನೆಯಂಗಳದ ಮಾತುಗಳೇ ಅಲ್ಲವೇ? ಸೊಗಡಿನ ಬಗ್ಗೆ ಇಷ್ಟು ಅಕ್ಕರೆಯಿರುವ ನೀವೇ ಇವುಗಳನ್ನು ಮರೆತರೆ ಹೇಗೆ? ಇನ್ನು ‘ಹುಚ್ಚು ಮಳೆ’ಯ ಬದಲು ‘ಜಡಿಮಳೆ’ ಎಂದರೆ ಕಿವಿಗೂ ಹಿತ.

ತದ್ವಿರುದ್ಧದ ಚಾಳಿಯೂ ನನಗೆ ಒಗ್ಗದು. ಅಂಗವಿಕಲ ಹೋಗಿ ವಿಕಲಚೇತನ ಬಂತು, ವಿಶೇಷಚೇತನ ಬಂತು, 2015ರಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂದರು. ದೈವತ್ವ ಬೇಡ, ಹಕ್ಕು ಕೊಡಿ ಎಂದು ಅಂಗವಿಕಲರ ಸಂಘಟನೆಗಳೇ ಆಕ್ಷೇಪಿಸಿದವು. ವ್ಯಕ್ತಿಯ ಬಗ್ಗೆ ಬರೆಯುವಾಗ ಅವರನ್ನೇ ಕೇಳುವುದು ನಮ್ಮ ಪದ್ಧತಿ. ಒಬ್ಬರು ‘ಅಂಧ’ ಎಂದೇ ಬರೆಯಿರಿ ಎನ್ನುತ್ತಾರೆ, ಇನ್ನೊಬ್ಬರು ‘ದೃಷ್ಟಿದೋಷವುಳ್ಳ’ ಎನ್ನುತ್ತಾರೆ. ಅಂಗವೈಕಲ್ಯವು ಸುದ್ದಿಗೆ ಸಂಬಂಧಿಸದಿದ್ದರೆ ಅದನ್ನು ಬರೆಯುವುದೇ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕುವಂತಿರಬೇಕು ಎಂದಿತು. ಇಂದಿಗೂ ಎಷ್ಟು ಕಚೇರಿಗಳಲ್ಲಿ ಫಲಕದ ಹೆಸರು ಬದಲಾಗಿದೆ, ಬಾಗಿಲ ಮುಂದಿನ ಮೂರು ಮೆಟ್ಟಿಲು ಹಾಗೆಯೇ ಇವೆ! ಆ ಹಿರಿಯರು ಕೂಡ ನಿವೃತ್ತರಾಗುವವರೆಗೆ ಮಹಡಿಯ ಮೇಲಿನ ನಮ್ಮ ಸಂಪಾದಕೀಯ ವಿಭಾಗಕ್ಕೆ ಗೋಡೆ ಹಿಡಿದೇ ಹತ್ತಿ ಬರುತ್ತಿದ್ದರು. ಅಲ್ಲೊಂದು ಹಿಡಿಕಂಬಿ ಹಾಕಿಸಿರೆಂದು ನಾನೂ ಯಾರನ್ನೂ ಕೇಳಲಿಲ್ಲ.

— ಸಂಪಾದಕ