ಮಾರಾಟ ಹೆಚ್ಚಿದರೂ ಕಾಂಟ್ರಿಬ್ಯೂಷನ್ ಇಳಿದದ್ದೇಕೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಆಲೆಮನೆಯಿದೆ. ಬಜೆಟ್‌ಗಿಂತ 100 ಕೆ.ಜಿ. ಹೆಚ್ಚು ಬೆಲ್ಲ ಮಾರಿದೆವು, ಬೆಲೆಯನ್ನೂ ಇಳಿಸಲಿಲ್ಲ. ಆದರೂ ಕಾಂಟ್ರಿಬ್ಯೂಷನ್, ಅಂದರೆ ಮಾರಾಟದ ಹಣದಲ್ಲಿ ಬದಲಾಗುವ ವೆಚ್ಚ ಕಳೆದು ಉಳಿಯುವ ಮೊತ್ತ, 18,000ದಿಂದ 17,600 ರೂಪಾಯಿಗೆ ಇಳಿದದ್ದು ಹೇಗೆ?

ಉತ್ತರ: ನೀವು ಮಾರಿದ ತೂಕ ಹೆಚ್ಚಿದೆ, ಆದರೆ ಲಾಭದ ಬೆಲ್ಲ ಕಡಿಮೆಯಾಗಿದೆ. ಬಜೆಟ್‌ನಲ್ಲಿ ಅಚ್ಚು ಬೆಲ್ಲ 600 ಕೆ.ಜಿ., ಪುಡಿ ಬೆಲ್ಲ 400 ಕೆ.ಜಿ. ಎಂದುಕೊಳ್ಳೋಣ. ಕಿಲೋಗೆ ಕಾಂಟ್ರಿಬ್ಯೂಷನ್ ಕ್ರಮವಾಗಿ 10 ಮತ್ತು 30 ರೂಪಾಯಿ, ಸರಾಸರಿ 18. ವಾಸ್ತವದಲ್ಲಿ ಅಚ್ಚು 800, ಪುಡಿ 300 ಕೆ.ಜಿ. ಹೋಯಿತು, ಪುಡಿಯ ಬೆಲೆಯನ್ನು 2 ರೂಪಾಯಿ ಏರಿಸಿದಿರಿ, ವೆಚ್ಚ ಬದಲಾಗಲಿಲ್ಲ.

ಬೆಲೆಯ ವ್ಯತ್ಯಾಸವನ್ನು ನಿಜವಾಗಿ ಮಾರಿದ ಪ್ರಮಾಣದ ಮೇಲೆ ಲೆಕ್ಕ ಹಾಕಬೇಕು: 300 × 2, ಅಂದರೆ 600 ರೂಪಾಯಿ ಅನುಕೂಲ. ಹೆಚ್ಚಾದ 100 ಕಿಲೋವನ್ನು ಸರಾಸರಿ 18ರಿಂದ ಗುಣಿಸಿದರೆ ಪ್ರಮಾಣದಿಂದ 1,800 ಅನುಕೂಲ.

ನಷ್ಟ ಅಡಗಿರುವುದು ಮಿಶ್ರಣದಲ್ಲಿ. ಒಟ್ಟು 1,100 ಕಿಲೋ ಹಳೆಯ ಅನುಪಾತದಲ್ಲೇ ಹೋಗಿದ್ದರೆ ಅಚ್ಚು 660, ಪುಡಿ 440 ಆಗಬೇಕಿತ್ತು. 140 ಕಿಲೋ ಪುಡಿಯ ಜಾಗಕ್ಕೆ ಅಚ್ಚು ಬಂದಿದೆ. ಪ್ರತಿ ಕಿಲೋಗೆ 20 ರೂಪಾಯಿ ಕೈತಪ್ಪಿ 2,800 ಪ್ರತಿಕೂಲ. 600 + 1,800 − 2,800 = −400.

ಕೆಲವು ಪುಸ್ತಕಗಳು ಪ್ರಮಾಣ ಮತ್ತು ಮಿಶ್ರಣ ಎರಡನ್ನೂ ಸೇರಿಸಿ ‘ವಾಲ್ಯೂಮ್ ವೇರಿಯನ್ಸ್’ ಎನ್ನುತ್ತವೆ. ಇಲ್ಲಿ ಅದು 1,000 ಪ್ರತಿಕೂಲ. ಗೊಂದಲ ಹುಟ್ಟುವುದೇ ಇಲ್ಲಿ.

ಈ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ತೀರ್ಮಾನಿಸಬೇಡಿ. ಪುಡಿಗೆ 2 ರೂಪಾಯಿ ಏರಿಸಿದ್ದಕ್ಕೇ ಗಿರಾಕಿಗಳು ಅಚ್ಚಿನತ್ತ ಹೊರಳಿರಬಹುದು. ಬೆಲೆ ಏರಿದ ದಿನದ ಹಿಂದಿನ ಮತ್ತು ಮುಂದಿನ ಬಿಲ್‌ಗಳನ್ನು ಹೋಲಿಸಿ ನೋಡಿ.