ಮೋಲ್ಡ್ ಹಾಕಿ ಎಂಟು ದಿನ: ಸೆಂಟ್ರಿಂಗ್ ಬಿಚ್ಚಬಹುದೇ?

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಡಿಸೆಂಬರ್‌ನಲ್ಲಿ ನೆಲಮಹಡಿಗೆ ಐದಿಂಚಿನ ಮೋಲ್ಡ್ ಹಾಕಿ ಎಂಟು ದಿನವಾಯಿತು. ಪಿಪಿಸಿ ಸಿಮೆಂಟ್ ಬಳಸಿದ್ದೇವೆ. ಕೋಣೆಗಳು 14×12 ಅಡಿ ಇವೆ, ಹಾಲ್‌ನಲ್ಲಿ 20 ಅಡಿಯ ಒಂದು ಬೀಮ್ ಇದೆ. ಶೀಟು, ಜಾಕ್‌ಗಳ ಬಾಡಿಗೆ ಏರುತ್ತಿದೆ, ಎಲ್ಲವನ್ನೂ ಬಿಚ್ಚಿಬಿಡೋಣ ಎನ್ನುತ್ತಾರೆ ಮೇಸ್ತ್ರಿ. ಬಿಚ್ಚಬಹುದೇ? ಮೇಲಿನ ಮೋಲ್ಡ್‌ಗೆ ನೀಲಗಿರಿ ಕಂಬ ಬಳಸಿದರೆ ಸಾಕೇ?

ಉತ್ತರ: ಈಗ ಬಿಚ್ಚಬೇಡಿ. ಕೋಣೆಗಳಿಗೆ ಇನ್ನೂ ಸುಮಾರು ಒಂದು ವಾರ ಬೇಕು, ಹಾಲ್‌ನ ಬೀಮ್‌ನ ಅಡಿಯ ಆಸರೆಗೆ ಒಟ್ಟು ಒಂದು ತಿಂಗಳು ಬೇಕು.

ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ, ಐಎಸ್ 456:2000 ಸಂಹಿತೆಯು, ಸ್ಲ್ಯಾಬ್‌ನ ಹಾಸು, ಅಂದರೆ ಎರಡು ಆಧಾರಗಳ ನಡುವಿನ ಅಂತರ, 4.5 ಮೀಟರ್ ಒಳಗಿದ್ದರೆ ಆಸರೆಗಳನ್ನು 7 ದಿನಕ್ಕೆ, ಅದಕ್ಕಿಂತ ಹೆಚ್ಚಿದ್ದರೆ 14 ದಿನಕ್ಕೆ ತೆಗೆಯಬಹುದೆನ್ನುತ್ತದೆ. ಬೀಮ್‌ಗೆ 6 ಮೀಟರ್‌ವರೆಗೆ 14 ದಿನ, ಅದನ್ನು ಮೀರಿದರೆ 21 ದಿನ. ನಿಮ್ಮ ಮೇಸ್ತ್ರಿಯ ಲೆಕ್ಕ ಬಹುಶಃ ಈ ಏಳು ದಿನದ್ದೇ ಆಗಿರಬೇಕು. ಆದರೆ ಇವೆಲ್ಲ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ, ಅಂದರೆ ಓಪಿಸಿಗೆ, ಅದೂ ಸುತ್ತಲಿನ ಉಷ್ಣತೆ 15 ಡಿಗ್ರಿಗಿಂತ ಇಳಿಯದೆ ಕ್ಯೂರಿಂಗ್ ಸರಿಯಾಗಿ ನಡೆದಿದ್ದರೆ ಮಾತ್ರ ಹೊಂದುವ ಅವಧಿಗಳು. ಪಿಪಿಸಿಯಲ್ಲಿ ಹಾರುಬೂದಿ ಇರುವುದರಿಂದ ಮೊದಲ ವಾರಗಳಲ್ಲಿ ಅದು ನಿಧಾನವಾಗಿ ಬಲಗೊಳ್ಳುತ್ತದೆ. ಆದ್ದರಿಂದ ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಲ್ಲಿ ಈ ಅವಧಿಗಳನ್ನು 10/7ರಷ್ಟು ಹಿಗ್ಗಿಸಲಾಗುತ್ತದೆ: 7 ದಿನ 10 ಆಗುತ್ತದೆ, 21 ದಿನ 30 ಆಗುತ್ತದೆ. ನಿಮ್ಮ ಕೋಣೆಯ ಸ್ಲ್ಯಾಬ್‌ನ ಚಿಕ್ಕ ಬದಿ 12 ಅಡಿ, ಅಂದರೆ 3.7 ಮೀಟರ್. ಅದಕ್ಕೆ 10 ದಿನದ ಲೆಕ್ಕ ಬರುತ್ತದೆ. ಹಾಲ್‌ನ ಬೀಮ್ 20 ಅಡಿ, ಅಂದರೆ 6.1 ಮೀಟರ್. ಆರು ಮೀಟರ್‌ನ ಗಡಿಯನ್ನು ಅದು ಸ್ವಲ್ಪವೇ ದಾಟಿದ್ದರೂ ದಾಟಿದ ಮೇಲೆ 30 ದಿನಗಳ ಲೆಕ್ಕವೇ ಅನ್ವಯಿಸುತ್ತದೆ. ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಡಿಸೆಂಬರ್ ರಾತ್ರಿಗಳು 15 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯವಾದ್ದರಿಂದ, ನಾನಾಗಿದ್ದರೆ ಕೋಣೆಗಳ ಆಸರೆಯನ್ನೂ 14 ದಿನ ಇರಿಸುತ್ತಿದ್ದೆ. ಬೀಮ್‌ನ ಪಕ್ಕದ ಹಲಗೆಗಳು ಭಾರ ಹೊರುವುದಿಲ್ಲ, ಈಗಾಗಲೇ ಬಿಚ್ಚಿರದಿದ್ದರೆ ಇಂದೇ ಬಿಚ್ಚಿ ಬಾಡಿಗೆ ಉಳಿಸಬಹುದು.

ಮೋಲ್ಡ್ ಹಾಕಿದ ದಿನ ಅದೇ ಕಾಂಕ್ರೀಟಿನಿಂದ ಘನಗಳನ್ನು ತುಂಬಿ, ಸ್ಲ್ಯಾಬ್‌ನ ಪಕ್ಕದಲ್ಲೇ ಇಟ್ಟು, ಅದಕ್ಕೆ ಸಿಕ್ಕಷ್ಟೇ ನೀರು ಹಾಯಿಸಿದ್ದರೆ ದಿನ ಎಣಿಸುವ ಬದಲು ಅವುಗಳ ಪರೀಕ್ಷೆಯನ್ನೇ ನಂಬಬಹುದು. ಬಿಚ್ಚಿದಾಗ ಕಾಂಕ್ರೀಟಿನ ಮೇಲೆ ಬೀಳುವ ಒತ್ತಡದ ಕನಿಷ್ಠ ಎರಡರಷ್ಟು ಬಲ ಅದಕ್ಕಿರಬೇಕು ಎಂಬುದು ಸಂಹಿತೆಯ ಮೂಲ ಷರತ್ತು. ಲ್ಯಾಬಿನ ತೊಟ್ಟಿಯಲ್ಲಿ ಬೆಚ್ಚಗೆ ಇಟ್ಟ ಘನಗಳು ನಿಮ್ಮ ಚಳಿಯ ಸ್ಲ್ಯಾಬ್‌ನ ಸ್ಥಿತಿಯನ್ನು ಹೇಳುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಟಣ್ ಎಂದರೆ ಗಟ್ಟಿಯಾಗಿದೆ ಎನ್ನುವ ರೂಢಿಯನ್ನಂತೂ ನಂಬಬೇಡಿ, ಆ ಸದ್ದು ಮೇಲ್ಮೈಯದು.

ಬಿಚ್ಚುವಾಗ ಕೋಣೆಯ ನಡುವಿನ ಜಾಕ್‌ಗಳಿಂದ ಆರಂಭಿಸಿ ಗೋಡೆಗಳ ಕಡೆಗೆ ಸಾಗಬೇಕು. ಮೊದಲು ಪ್ರತಿ ಜಾಕನ್ನೂ ಸ್ವಲ್ಪಸ್ವಲ್ಪವೇ ಸಡಿಲಿಸಿ, ಗೋಡೆಯಿಂದ ಗೋಡೆಗೆ ಕಟ್ಟಿದ ದಾರದಿಂದ ಸ್ಲ್ಯಾಬ್‌ನ ನಡುಭಾಗದ ಅಂತರವನ್ನು ಮೊದಲೂ ನಂತರವೂ ಅಳೆಯಿರಿ. ಒಂದೆರಡು ಮಿಲಿಮೀಟರ್ ಇಳಿದು ನಿಂತರೆ ಗಾಬರಿಯಿಲ್ಲ. ಒಂದು ಗಂಟೆಯ ನಂತರವೂ ಇಳಿಯುತ್ತಲೇ ಇದ್ದರೆ, ಅಥವಾ ಅಡಿಮೈಯ ನಡುವೆ ಹೊಸ ಬಿರುಕು ಕಂಡರೆ, ಜಾಕ್‌ಗಳನ್ನು ಮತ್ತೆ ಬಿಗಿಗೊಳಿಸಿ ಎಂಜಿನಿಯರನ್ನು ಕರೆಸಬೇಕು. ಪೋರ್ಟಿಕೊ ಅಥವಾ ಬಾಲ್ಕನಿ ಗೋಡೆಯಿಂದ ಹೊರಚಾಚಿದ್ದರೆ ಅಲ್ಲಿ ಕ್ರಮ ತಿರುಗುತ್ತದೆ: ಹೊರತುದಿಯಿಂದ ಗೋಡೆಯ ಕಡೆಗೆ ಬಿಚ್ಚಬೇಕು. ಗೋಡೆಯ ಪಕ್ಕದವುಗಳನ್ನು ಮೊದಲು ತೆಗೆದು ತುದಿಯಲ್ಲಿ ಮಾತ್ರ ಆಸರೆ ಉಳಿಸಿದರೆ ಚಾಚು ಎರಡು ಬದಿಗಳ ನಡುವಿನ ಸ್ಲ್ಯಾಬ್‌ನಂತೆ ಬಾಗುತ್ತದೆ, ಆಗ ಎಳೆತ ಬೀಳುವ ಅಡಿಮೈಯಲ್ಲಿ ಅದನ್ನು ತಡೆಯುವ ಮುಖ್ಯ ಕಬ್ಬಿಣ ಇರುವುದಿಲ್ಲ, ಅದು ಮೇಲ್ಮೈಯ ಬಳಿ ಇರುತ್ತದೆ.

ಬಾಡಿಗೆಯ ಚಿಂತೆಗೆ ಪರಿಹಾರ ಬಿಚ್ಚುವ ದಿನದಲ್ಲಿಲ್ಲ, ಕಟ್ಟುವ ದಿನದಲ್ಲಿದೆ. ಸಾಮಾನ್ಯವಾಗಿ ಶೀಟು ರನ್ನರ್ ಮೇಲೆ, ರನ್ನರ್ ಜಾಕ್ ಮೇಲೆ ಕುಳಿತಿರುವುದರಿಂದ ಜಾಕ್ ಇಳಿಸದೆ ಶೀಟು ಹೊರಬರುವುದಿಲ್ಲ. ಮೇಲಿನ ಮೋಲ್ಡ್‌ಗೆ ಕೋಣೆಯ ನಡುವೆ ಉದ್ದಕ್ಕೂ ಒಂಬತ್ತಿಂಚು ಅಗಲದ ಹಲಗೆಯ ಪಟ್ಟಿಯೊಂದನ್ನು ಬೇರೆ ಜಾಕ್‌ಗಳ ಮೇಲೆ ಪ್ರತ್ಯೇಕವಾಗಿ ನಿಲ್ಲಿಸಿ, ಎರಡು ಬದಿಯ ಶೀಟುಗಳು ಅದಕ್ಕೆ ತಾಗಿ ನಿಲ್ಲುವಂತೆ ಮಾಡಿ. ಸಂಹಿತೆ ಸ್ಲ್ಯಾಬ್‌ನ ಶೀಟಿಗೆ ಕೊಡುವ 3 ದಿನ ಪಿಪಿಸಿಗೆ ಸುಮಾರು ಐದು ದಿನವಾಗುತ್ತದೆ. ಆಗ ಬದಿಯ ಶೀಟುಗಳನ್ನು ಇಳಿಸಿದರೂ ನಡುವಿನ ಪಟ್ಟಿ ಕದಲದೆ ಭಾರ ಹೊತ್ತಿರುತ್ತದೆ, ಹಾಗಾಗಿ ಬಿಚ್ಚಿದ ಜಾಗದ ಹಾಸು ಅರ್ಧಕ್ಕಿಳಿಯುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಜಾಕ್ ಕೊಡುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಮರುಜೋಡಣೆಯಲ್ಲಿ ಕೆಲಸಗಾರರು ಜಾಕನ್ನು ಬಲವಾಗಿ ತಿರುಗಿಸಿ ಎಳೆಯ ಸ್ಲ್ಯಾಬನ್ನು ಮೇಲಕ್ಕೆ ತಳ್ಳಿಬಿಡುವುದುಂಟು.

ಇನ್ನು ನೀಲಗಿರಿ ಕಂಬದ ಮಾತು. ಐದಿಂಚಿನ ಹಸಿ ಕಾಂಕ್ರೀಟು ಚದರ ಮೀಟರಿಗೆ ಸುಮಾರು 310 ಕೆ.ಜಿ. ತೂಗುತ್ತದೆ. ಶೀಟು, ಮರಗಳಿಗೆ 50, ಜನ, ಬಾಂಡ್ಲಿ, ವೈಬ್ರೇಟರ್‌ಗಳಿಗೆ 250 ಸೇರಿಸಿದರೆ 600 ದಾಟುತ್ತದೆ. ಕಂಬಗಳ ನಡುವೆ ಎರಡೂ ದಿಕ್ಕಿಗೆ ನಾಲ್ಕು ಅಡಿ ಬಿಟ್ಟರೆ ಒಂದೊಂದರ ಮೇಲೆ 900 ಕೆ.ಜಿ. ಹತ್ತಿರ, ಮೂರು ಅಡಿ ಬಿಟ್ಟರೆ ಸುಮಾರು 500 ಕೆ.ಜಿ. ಬೀಳುತ್ತದೆ. ಮೂರಿಂಚು ದಪ್ಪದ, ಹತ್ತು ಅಡಿ ಎತ್ತರದ ಹಸಿ ಕಂಬ ಸೊಟ್ಟವಿದ್ದೇ ಇರುವುದರಿಂದ, ಬಾಗಿ ಮುರಿಯದಂತೆ ಹೊರಬಲ್ಲ ಭಾರ 500 ಕೆ.ಜಿ.ಯೆಂದೇ ಎಣಿಸಬೇಕು. ಎತ್ತರದ ನಡುವಿನಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿಗಳನ್ನು ಮೊಳೆ ಹೊಡೆದು ಬಿಗಿದು, ಅವುಗಳನ್ನು ಗೋಡೆಗೆ ಅಥವಾ ಓರೆಗಂಬಕ್ಕೆ ಕಟ್ಟಿದರೆ ಬಾಗುವ ಉದ್ದ ಅರ್ಧವಾಗಿ ತಾಳುವ ಶಕ್ತಿ ಲೆಕ್ಕದಲ್ಲಿ ನಾಲ್ಕು ಪಟ್ಟಾಗುತ್ತದೆ. ಆದರೂ ಮೂರು ಅಡಿಯ ಅಂತರವನ್ನೇ ಉಳಿಸಿಕೊಳ್ಳಿ. ಕಂಬ ಗಿಡ್ಡವಾಯಿತೆಂದು ಅಡಿಯಲ್ಲಿ ಇಟ್ಟಿಗೆ ಪೇರಿಸಬಾರದು, ಬೆಣೆಗಳನ್ನು ಜೋಡಿಯಾಗಿ ಕೊಟ್ಟು ಮೊಳೆ ಹೊಡೆಯಬೇಕು.

ಮೇಲಿನ ಮೋಲ್ಡ್ ಹಾಕುವಾಗ ಈ 600 ಕೆ.ಜಿ. ನಿಮ್ಮ ಈಗಿನ ಸ್ಲ್ಯಾಬ್ ಮೇಲೆ ಇಳಿಯುತ್ತದೆ. ಅದರ ಸ್ವಂತ ತೂಕ ಬಿಟ್ಟರೆ ಮನೆಯ ಸ್ಲ್ಯಾಬನ್ನು ಫ್ಲೋರಿಂಗ್‌ಗೆ ಸುಮಾರು 100, ವಾಸದ ಭಾರಕ್ಕೆ 200, ಒಟ್ಟು 300 ಕೆ.ಜಿ.ಗೆ ಲೆಕ್ಕ ಹಾಕಿರುತ್ತಾರೆ. ಆದ್ದರಿಂದ ಅದು ಪೂರ್ತಿ ಬಲಿತಿದ್ದರೂ ಕೆಳಗಿನ ಕೋಣೆಗಳಲ್ಲಿ, ಮೇಲಿನ ಕಂಬಗಳ ನೇರಕ್ಕೆ, ಆಸರೆಗಳು ನಿಂತಿರಬೇಕು, ಮೇಲಿನ ಕಾಂಕ್ರೀಟು ತನ್ನ ಭಾರ ತಾನು ಹೊರುವವರೆಗೆ. ನೆಲಮಹಡಿಯಲ್ಲಿ ಅವು ನಿಲ್ಲುವುದು ತಳಪಾಯದೊಳಗೆ ತುಂಬಿಸಿದ ಮಣ್ಣಿನ ಮೇಲೆ. ಕ್ಯೂರಿಂಗ್ ನೀರು ಇಳಿದು ಆ ಮಣ್ಣು ಮೆತ್ತಗಾದರೆ ಕಂಬ ಸದ್ದಿಲ್ಲದೆ ಕುಸಿದು ಭಾರ ಪಕ್ಕದ ಕಂಬಕ್ಕೆ ಹೋಗುತ್ತದೆ. ಪ್ರತಿ ಕಂಬದ ಕೆಳಗೆ ಅಗಲವಾದ ಹಲಗೆ ಅಥವಾ ಕಲ್ಲುಚಪ್ಪಡಿ ಹಾಕಿ, ದಿನಕ್ಕೊಮ್ಮೆ ಬೆಣೆಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಸಡಿಲವಾಗಿದ್ದರೆ ಬಿಗಿಮಾಡಿ.

ಗೋಡೆಗೆ ತಂದ ಸಾಲಿಡ್ ಬ್ಲಾಕುಗಳನ್ನು ಹೊಸ ಸ್ಲ್ಯಾಬ್‌ನ ನಡುವೆ ಪೇರಿಸುವ ಅಭ್ಯಾಸವನ್ನೂ ತಡೆಯಿರಿ. ನಾಲ್ಕು ಅಡಿ ಎತ್ತರದ ರಾಶಿ ಚದರ ಮೀಟರಿಗೆ ಎರಡು ಟನ್ನಿಗಿಂತ ಹೆಚ್ಚು ತೂಗುತ್ತದೆ. ಅವುಗಳನ್ನು ಕೆಳಗೆ ಗೋಡೆ ಇರುವ ಸಾಲಿನ ಮೇಲೆ, ಮೊಣಕಾಲೆತ್ತರ ಮೀರದಂತೆ ಜೋಡಿಸಲು ಹೇಳಿ.