ಹತ್ತು ಸಲ ‘ಬೂ’ ಅಂದರೂ ಮಗು ನಗುವುದು ಯಾಕೆ?

ಡಾಕ್ಟ್ರೇ, ನನ್ನ ಮಗಳಿಗೆ ಎಂಟು ತಿಂಗಳು. ಅಜ್ಜಿ ವಸ್ತ್ರದಿಂದ ಮುಖ ಮುಚ್ಚಿ ‘ಬೂ’ ಅಂತ ತೆಗೆದರೆ ಹತ್ತು ಸಲವೂ ನಗ್ತಾಳೆ. ಅದೇ ಆಟ ಹುತ್ತರಿಗೆ ಬಂದ ನನ್ನ ತಮ್ಮ ಆಡಿದರೆ ಅಳ್ತಾಳೆ. ಪ್ರತಿ ಸಲ ಮರೆತುಹೋಗೋದ್ರಿಂದ ನಗೋದು, ಬುದ್ಧಿ ನಿಧಾನ ಇರಬಹುದು ಅಂತ ಪಕ್ಕದ ಮನೆಯವರು ಹೇಳ್ತಾರೆ. ನಿಜಾನಾ? (ಗೋಣಿಕೊಪ್ಪದಿಂದ)

ಇಲ್ಲ. ಈ ಮರೆವಿನ ಕಥೆಯನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಪಕ್ಕದ ಮನೆಯವರು ಹೇಳಿದ್ದಕ್ಕೆ ಸರಿ ಉಲ್ಟಾ ನಿಮ್ಮ ಮಗಳಲ್ಲಿ ನಡೆಯುತ್ತಿದೆ. ಅವಳು ನಗುವುದು ನೆನಪಿರುವುದರಿಂದ.

ನೀವೇ ನೋಡಿ. ಅಜ್ಜಿ ವಸ್ತ್ರ ಎತ್ತಿದ ಕೂಡಲೇ ಮಗುವಿನ ಮೇಲೆ ಕಣ್ಣಿಡಿ, ಅಜ್ಜಿಯ ಮೇಲಲ್ಲ. ಒದೆಯುತ್ತಿದ್ದ ಕಾಲು ಒಂದು ಗಳಿಗೆ ನಿಲ್ಲುತ್ತದೆ, ಕಣ್ಣು ವಸ್ತ್ರದ ಅಂಚಿನಲ್ಲೇ ನೆಡುತ್ತದೆ, ಎಷ್ಟೋ ಸಲ ಮುಖ ಕಾಣುವ ಮೊದಲೇ ತುಟಿ ಅರಳಿರುತ್ತದೆ. ಮರೆತ ಮಗು ಹೀಗೆ ಕಾಯುತ್ತದಾ? ಅಜ್ಜಿ ಅಲ್ಲೇ ಹಿಂದೆ ಇದ್ದಾರೆ, ಈಗ ಬರುತ್ತಾರೆ ಅಂತ ಅವಳಿಗೆ ಗೊತ್ತಿದೆ. ಗೊತ್ತಿದ್ದದ್ದು ಸರಿಯಾಗಿ ಬಂದಾಗ ಖುಷಿ. ಹುತ್ತರಿ ಕೋಲಾಟದಲ್ಲಿ ಎದುರಿನವರ ಕೋಲು ತಾಳಕ್ಕೆ ಸರಿಯಾಗಿ ಬಂದು ತಾಗುತ್ತದೆ ಅಂತ ಗೊತ್ತಿದ್ದೇ ಆಡುತ್ತೇವೆ, ಅಲ್ವಾ? ಪ್ರತಿ ಏಟಿಗೂ ಮೈ ಜುಂ ಅನ್ನುತ್ತದೆ, ಬೇಸರ ಬರುವುದಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1989ರಲ್ಲಿ ಪ್ಯಾರಟ್ ಮತ್ತು ಗ್ಲೈಟ್‌ಮನ್ ಎಂಬ ಇಬ್ಬರು ಸಂಶೋಧಕರು ಆರರಿಂದ ಎಂಟು ತಿಂಗಳ ಮಕ್ಕಳ ಜೊತೆ ಇದೇ ಆಟ ಆಡಿಸಿದರು. ಕೆಲವು ಸುತ್ತು ಮಾಮೂಲಿನಂತೆ ನಡೆಸಿ, ನಡುವೆ ಒಂದೊಂದು ಸಲ ಸುಮ್ನೆ ಮೋಸ ಮಾಡಿದರು. ಅಂದರೆ ಮರೆಯಾದವರ ಬದಲು ಬೇರೆಯವರು ಪ್ರತ್ಯಕ್ಷರಾದರು, ಇಲ್ಲವೇ ಅವರೇ ಬೇರೆ ಜಾಗದಿಂದ ಬಂದರು. ಮಗು ನಗುವುದು ಬರೀ ಅಚ್ಚರಿಗೆ ಆಗಿದ್ದರೆ ಆಗ ಇನ್ನೂ ಜಾಸ್ತಿ ನಗಬೇಕಿತ್ತು. ಆದರೆ ನಗು ಕಡಿಮೆಯಾಯಿತು. ಯಾರು ಬರಬೇಕು, ಎಲ್ಲಿಂದ ಬರಬೇಕು ಅನ್ನುವ ಲೆಕ್ಕ ಆ ಪುಟ್ಟ ತಲೆಯಲ್ಲಿ ಆಗಲೇ ಕೂತಿತ್ತು.

ಇನ್ನೊಂದು ವಿಷಯ. ‘ಹತ್ತು ಸಲವೂ’ ಅಂತ ನೀವು ಬರೆದಿದ್ದೀರಿ, ಆದರೆ ಅಜ್ಜಿ ಹತ್ತು ಸಲವೂ ಒಂದೇ ಆಟ ಆಡುತ್ತಿಲ್ಲ. ಚೌಕಟ್ಟು ಮಾತ್ರ ಒಂದೇ: ಮೊದಲು ಕಣ್ಣಿಗೆ ಕಣ್ಣು, ಆಮೇಲೆ ಮುಚ್ಚುವುದು, ‘ಅಜ್ಜಿ ಎಲ್ಲಿ?’ ಅನ್ನುವ ದನಿ, ಸ್ವಲ್ಪ ಕಾಯುವುದು, ತೆಗೆಯುವುದು, ‘ಬೂ’, ಮತ್ತೆ ಕಣ್ಣಿಗೆ ಕಣ್ಣು. ಈ ಕ್ರಮದೊಳಗೆ ಅವರು ತಮಗೇ ಗೊತ್ತಿಲ್ಲದೆ ಒಮ್ಮೆ ಬೇಗ ತೆಗೆಯುತ್ತಾರೆ, ಒಮ್ಮೆ ಒಂದು ಸೆಕೆಂಡ್ ತಡೆದು ತೆಗೆಯುತ್ತಾರೆ, ಒಮ್ಮೆ ದನಿ ಎಳೆಯುತ್ತಾರೆ, ಒಮ್ಮೆ ವಸ್ತ್ರದ ಬದಿಯಿಂದ ಇಣುಕುತ್ತಾರೆ. ಏನು ಬರುತ್ತದೆ ಅಂತ ಮಗುವಿಗೆ ಗೊತ್ತು, ಯಾವಾಗ ಅಂತ ಮಾತ್ರ ಪೂರ್ತಿ ಗೊತ್ತಿಲ್ಲ. ರಸ ಇರುವುದು ಅಲ್ಲೇ. ಯಂತ್ರದ ಹಾಗೆ ಒಂದೇ ವೇಗದಲ್ಲಿ, ಒಂದೇ ದನಿಯಲ್ಲಿ ಮಾಡಿ ನೋಡಿ, ಮಗುವಿಗೂ ಬೇಸರ ಬರುತ್ತದೆ.

ಅದಕ್ಕಿಂತ ಮುಖ್ಯವಾಗಿ, ಅಜ್ಜಿ ತೆಗೆದಾಗ ಮಗು ನಗುತ್ತಾಳೆ, ಅವಳು ನಕ್ಕಿದ್ದಕ್ಕೆ ಅಜ್ಜಿ ನಗುತ್ತಾರೆ, ಅಜ್ಜಿ ನಕ್ಕಿದ್ದಕ್ಕೆ ಅವಳು ಕೇಕೆ ಹಾಕುತ್ತಾಳೆ. ತನ್ನ ನಗುವಿಗೆ ಎದುರಿನವರಿಂದ ಉತ್ತರ ಬರುತ್ತದೆ ಅಂತ ಮಗುವಿಗೆ ಪ್ರತಿ ಸುತ್ತಿನಲ್ಲೂ ಖಾತ್ರಿಯಾಗುತ್ತಿದೆ. ಫೋನಿನ ವಿಡಿಯೋ ಇದನ್ನು ಕೊಡಲಾರದು, ಮಗು ನಕ್ಕರೂ ಅತ್ತರೂ ಅದು ತನ್ನಷ್ಟಕ್ಕೆ ಓಡುತ್ತದೆ. ಮಗುವಿನ ನಗು ರೆಕಾರ್ಡ್ ಮಾಡಲು ನೀವು ಮುಖದ ಮುಂದೆ ಫೋನ್ ಹಿಡಿದರೂ ಅಷ್ಟೇ, ಅವಳಿಗೆ ಬೇಕಾದ ಕಣ್ಣೇ ಕಾಣುವುದಿಲ್ಲ.

ಈಗ ನಿಮ್ಮ ತಮ್ಮನ ವಿಷಯ. ಮಗುವಿಗೆ ಸೋದರಮಾವನೇ ಇರಬಹುದು, ಆದರೆ ಎಂಟು ತಿಂಗಳ ಕಣ್ಣಿಗೆ ಆತ ಅಪರಿಚಿತ. ಈ ವಯಸ್ಸಿನ ಆಸುಪಾಸಿನಲ್ಲೇ ಮಕ್ಕಳು ಹೊಸ ಮುಖಕ್ಕೆ ಅಳಲು ಶುರು ಮಾಡುವುದು, ಅದೂ ಬೆಳವಣಿಗೆಯೇ. ಹಬ್ಬದ ಮನೆಯ ಗದ್ದಲದಲ್ಲಿ ಬಂದು, ಬಾಗಿಲ ಹಿಂದೆ ಅಡಗಿ, ಹಾರಿ ದೊಡ್ಡ ದನಿಯಲ್ಲಿ ‘ಬೂ’ ಅಂದರೆ ಅದು ಆಟ ಅಲ್ಲ, ಬೆಚ್ಚಿಸುವುದು. ಶುರುವಿನಲ್ಲಿ ಕಣ್ಣಿಗೆ ಕಣ್ಣು ಸೇರಿಲ್ಲ, ಮರೆಯಾಗಿದ್ದು ಜಾಸ್ತಿ ಹೊತ್ತು, ಬಂದಿದ್ದು ಗುರುತಿಲ್ಲದ ಮುಖ. ಅವಳನ್ನು ಹೆದರುಪುಕ್ಕಲಿ ಅಂತ ಯಾರೂ ಕರೆಯಬೇಡಿ. ಆತ ಮೊದಲು ನಿಮ್ಮ ಪಕ್ಕ ಸುಮ್ಮನೆ ಕೂರಲಿ, ನೀವು ಆಡಿಸುವುದನ್ನು ನೋಡಲಿ. ಮಗು ತಾನಾಗಿ ಅವನ ಕಡೆ ನೋಡಿ ನಕ್ಕ ಮೇಲೆ, ಬೆರಳ ಸಂದಿಯಿಂದ ಕಣ್ಣು ಕಾಣುವ ಹಾಗೆ ಅರ್ಧ ಮುಖ ಮುಚ್ಚಿ, ಒಂದೇ ಸೆಕೆಂಡಿಗೆ ತೆಗೆದು, ಮೆಲ್ಲಗೆ ‘ಬೂ’ ಅನ್ನಲಿ. ನಾಲ್ಕೈದು ತಿಂಗಳ ಮಗುವಿಗೂ ಆಟ ಹೀಗೇ ಶುರು ಮಾಡಬೇಕು. ಮಗುವಿನ ಮುಖದ ಮೇಲೆ ಬಟ್ಟೆ ಹಾಕಬೇಡಿ, ಮುಚ್ಚಿಕೊಳ್ಳುವವರು ನೀವು. ಮುಂದೆ ಅವಳೇ ಬಟ್ಟೆ ಎಳೆಯುತ್ತಾಳೆ, ಒಂದು ವರ್ಷದ ಹೊತ್ತಿಗೆ ತಾನೇ ಮುಚ್ಚಿಕೊಂಡು ನಿಮ್ಮನ್ನು ಆಡಿಸುತ್ತಾಳೆ.

ನಿಲ್ಲಿಸುವುದು ಯಾವಾಗ ಅಂತ ಯಾರೂ ಕೇಳುವುದಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಮಗು ಮುಖ ಆಚೆ ತಿರುಗಿಸಿದರೆ, ಕಣ್ಣು ಉಜ್ಜಿದರೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿದರೆ ಸಾಕು ಅಂತ ಅರ್ಥ. ಆಗ ಜನ ಮಾಡುವುದೇನು? ತಿರುಗಿದ ಕಡೆಗೇ ಹೋಗಿ ಮತ್ತೆ ‘ಬೂ’ ಅನ್ನುತ್ತಾರೆ. ದಯವಿಟ್ಟು ಬೇಡ. ಸುಮ್ಮನಿರಿ. ಕೆಲವು ಸಲ ಉಸಿರು ತೆಗೆದುಕೊಂಡು ಅವಳೇ ನಿಮ್ಮ ಕಡೆ ತಿರುಗುತ್ತಾಳೆ, ಆಗ ಮತ್ತೆ ಆಡಿ. ತಿರುಗದಿದ್ದರೆ ಆಟ ಮುಗಿಯಿತು.

ಐದು ತಿಂಗಳ ಮಗ ಈ ಆಟಕ್ಕೆ ನಗುವುದೇ ಇಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ್ದ. (ಸೋಮವಾರಪೇಟೆಯಿಂದ)

ಹಾಗಾದರೆ ಬೆಳವಣಿಗೆಯ ಲೆಕ್ಕಕ್ಕೆ ಅವನಿಗೆ ಮೂರೇ ತಿಂಗಳು, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿ. ನಿಮ್ಮ ಮುಖ ನೋಡಿ ಮುಗುಳ್ನಗುತ್ತಾನಾ, ದನಿಗೆ ತಿರುಗುತ್ತಾನಾ? ಹೌದಾದರೆ ಕಾಯಿರಿ. ಇಲ್ಲವಾದರೆ ಕಣ್ಣು, ಕಿವಿ ಎರಡನ್ನೂ ಈ ವಾರವೇ ತೋರಿಸಿ.

ನಿದ್ದೆಯಲ್ಲಿ ಮಗು ನಗುವುದು ದೇವರು ಆಡಿಸುವುದಕ್ಕಾ?

ನಿದ್ದೆಯ ನಗು ತಾನಾಗಿ ಬರುತ್ತದೆ, ಎದುರಿನವರ ಮುಖ ನೋಡಿ ನಗುವುದು ಸುಮಾರು ಆರರಿಂದ ಎಂಟು ವಾರದಲ್ಲಿ ಶುರುವಾಗುತ್ತದೆ.

ಎತ್ತಿ ಮೇಲಕ್ಕೆ ಹಾರಿಸಿದರೆ ಇನ್ನೂ ಜೋರಾಗಿ ನಗ್ತಾನೆ. ಪರವಾಗಿಲ್ವಾ?

ಬೇಡ. ಕೈ ತಪ್ಪಿದರೆ ಪೆಟ್ಟು ಬೀಳುವುದು ತಲೆಗೇ.

ಬೇಗ ನಗು, ಮಾತು ಬರಲಿ ಅಂತ ನಾಟಿ ಔಷಧಿಯವರು ಜೇನಿನಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಲು ಹೇಳಿದ್ದಾರೆ.

ಹಚ್ಚಬೇಡಿ. ನಮ್ಮ ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಬೊಟುಲಿಸಂ ಎಂಬ, ಮೈಯ ಸ್ನಾಯುಗಳನ್ನು ಸೋಲಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಎಳೆಯ ಮಗುವಿನ ಕರುಳಿಗೆ ಅದು ಆಗುವುದಿಲ್ಲ. ಈಗಾಗಲೇ ಕೊಟ್ಟಿದ್ದು, ಮಗುವಿಗೆ ಮಲಬದ್ಧತೆ, ಹಾಲು ಚೀಪಲು ಕಷ್ಟ, ಅಳುವಿನಲ್ಲಿ ಬಲವಿಲ್ಲ, ಕುತ್ತಿಗೆ ಸೋಲುತ್ತಿದೆ ಅಂತ ಕಂಡರೆ ನಾಳೆಗೆ ಇಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜೇನು ಕೊಟ್ಟಿದ್ದನ್ನು ಮುಚ್ಚಿಡದೆ ಹೇಳಿ.